ವ್ಯೂಯೆಬಿಲಿಟಿ ಏರಿತು, ಆರ್ಡರ್ ಇಳಿಯಿತು: ಎಲ್ಲಿ ಹೋಯಿತು ವ್ಯತ್ಯಾಸ?

ಪ್ರಶ್ನೆ: ನಮ್ಮದು ಆನ್‌ಲೈನ್ ಮಾರಾಟ. ಡಿಸ್ಪ್ಲೇ ಜಾಹೀರಾತಿಗೆ ತಿಂಗಳಿಗೆ ಒಂದು ಲಕ್ಷದ ಬಜೆಟ್. ಮೊದಲು ಸಾವಿರ ಇಂಪ್ರೆಷನ್‌ಗೆ, ಅಂದರೆ ಜಾಹೀರಾತು ಸಾವಿರ ಸಲ ಕಳಿಸಿದ್ದಕ್ಕೆ, 50ರಂತೆ ಕೊಡುತ್ತಿದ್ದೆವು, ವ್ಯೂಯೆಬಿಲಿಟಿ, ಅಂದರೆ ಅದರಲ್ಲಿ ಕಂಡದ್ದರ ಪಾಲು, 45% ಇತ್ತು. ಏಜೆನ್ಸಿಯವರು "ಕಂಡದ್ದಕ್ಕೆ ಮಾತ್ರ ಹಣ ಕೊಡಿ" ಎಂದು ಸಾವಿರ ವ್ಯೂಯೆಬಲ್ ಇಂಪ್ರೆಷನ್‌ಗೆ 110ರ ದರಕ್ಕೆ ಬದಲಾಯಿಸಿದರು. ಈಗ ವ್ಯೂಯೆಬಿಲಿಟಿ 82%. ಆದರೆ ವರದಿಯಲ್ಲಿ ಆರ್ಡರ್ 600ರಿಂದ 380ಕ್ಕೆ ಬಿದ್ದಿದೆ, ರೀಚ್, ಅಂದರೆ ಜಾಹೀರಾತು ತಲುಪಿದ ಜನರ ಸಂಖ್ಯೆ, 4 ಲಕ್ಷದಿಂದ 1.9 ಲಕ್ಷಕ್ಕೆ ಇಳಿದಿದೆ. ಜಾಹೀರಾತು ಹೆಚ್ಚು ಕಂಡರೆ ಮಾರಾಟ ಹೆಚ್ಚಬೇಕಲ್ವಾ? ಹಳೆಯ ಪದ್ಧತಿಗೆ ವಾಪಸ್ ಹೋಗಬೇಕಾ?

ಉತ್ತರ: ಈಗಲೇ ವಾಪಸ್ ಹೋಗಬೇಡಿ. 600 ಮತ್ತು 380 ಒಂದೇ ಅಳತೆಗೋಲಿನಿಂದ ಬಂದ ಸಂಖ್ಯೆಗಳಲ್ಲ ಎಂಬ ಅನುಮಾನ ನನಗಿದೆ. ಕುಸಿತದ ದೊಡ್ಡ ಪಾಲು ಬರೀ ಲೆಕ್ಕದ್ದು ಇರಬಹುದು. ಉಳಿದ ಸಣ್ಣ ಪಾಲು ಮಾತ್ರ ನಿಜವಾದ ನಷ್ಟ, ಅದಕ್ಕೆ ಕಾರಣ ಬೇರೆಯೇ ಇದೆ. ಎರಡನ್ನೂ ಬಿಡಿಸಿ ನೋಡೋಣ.

ಮೊದಲು, "ಕಂಡಿತು" ಎಂದು ವರದಿ ಹೇಳಿದಾಗ ಏನು ನಡೆದಿರುತ್ತದೆ ಎಂಬುದು ಸ್ಪಷ್ಟವಾಗಬೇಕು. ಇಂದು ಬಹುತೇಕ ಎಲ್ಲರೂ ಬಳಸುವ ಅಳತೆ ಅಮೆರಿಕದ ಮೀಡಿಯಾ ರೇಟಿಂಗ್ ಕೌನ್ಸಿಲ್ (ಎಂಆರ್‌ಸಿ) 2014ರಲ್ಲಿ ಪ್ರಕಟಿಸಿದ್ದು. ಡಿಸ್ಪ್ಲೇ ಜಾಹೀರಾತಿನ ಕನಿಷ್ಠ 50% ಪಿಕ್ಸೆಲ್‌ಗಳು ಪರದೆಯ ಕಾಣುವ ಭಾಗದಲ್ಲಿ ಇರಬೇಕು, ಬಳಕೆದಾರ ನೋಡುತ್ತಿರುವ ಟ್ಯಾಬ್‌ನಲ್ಲೇ ಇರಬೇಕು, ಬಿಡದೆ ಒಂದು ಸೆಕೆಂಡ್ ಇರಬೇಕು. ವಿಡಿಯೋಗೆ ಅದೇ 50%, ಆದರೆ ಬಿಡದೆ ಎರಡು ಸೆಕೆಂಡ್ ಓಡಿರಬೇಕು. 970 × 250ರಷ್ಟು ಅಥವಾ ಅದಕ್ಕಿಂತ ದೊಡ್ಡ ಬ್ಯಾನರ್‌ಗೆ, ಅಂದರೆ 2,42,500 ಪಿಕ್ಸೆಲ್ ಅಥವಾ ಅದಕ್ಕಿಂತ ಹೆಚ್ಚು ಇರುವುದಕ್ಕೆ, 30% ಕಂಡರೂ ಸಾಕು.

ಗಡಿಯಾರ ಓಡಲು ಶುರುವಾಗುವುದು ಜಾಹೀರಾತು ಪರದೆಯ ಮೇಲೆ ಮೂಡಿ, ಅರ್ಧ ಭಾಗ ಒಳಗೆ ಬಂದ ಮೇಲೆ. ಜಾಗ ಕಾಣುತ್ತಿದೆ, ಚಿತ್ರ ಇನ್ನೂ ಇಳಿಯುತ್ತಿದೆ ಎಂದರೆ ಆ ಹೊತ್ತು ಲೆಕ್ಕಕ್ಕಿಲ್ಲ. ಭಾರವಾದ ಜಾಹೀರಾತಿನ ವ್ಯೂಯೆಬಿಲಿಟಿ ಕಡಿಮೆ ಬರುವುದಕ್ಕೆ ಇದೂ ಒಂದು ಕಾರಣ. ಓದುಗ ದಾಟಿ ಹೋದ ಮೇಲೆ ಅದು ಮೂಡಿರುತ್ತದೆ.

ಈ ಅಳತೆ ಹೇಳುವುದು "ಕಾಣುವ ಅವಕಾಶ ಇತ್ತು" ಎಂದಷ್ಟೇ. ಓದುಗನ ಕಣ್ಣು ಅಲ್ಲಿಗೆ ಹೋಯಿತು ಎಂದು ಅದು ಹೇಳುವುದಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ಒಂದು ಸೆಕೆಂಡ್ ಎಂಬುದು ಕನಿಷ್ಠ ಮಿತಿ. ಅದಕ್ಕಿಂತ ಕೆಳಗಿನದ್ದನ್ನು ಲೆಕ್ಕಕ್ಕೇ ಹಿಡಿಯಬೇಡಿ ಎಂಬ ಗೆರೆ. ಅದನ್ನು ಕಡಿಮೆ ಎಂದುಕೊಂಡ ದೊಡ್ಡ ಖರೀದಿದಾರರೂ ಇದ್ದಾರೆ. ಗ್ರೂಪ್‌ಎಂ ಎಂಬ ದೊಡ್ಡ ಮೀಡಿಯಾ ಖರೀದಿ ಸಂಸ್ಥೆ ಡಿಸ್ಪ್ಲೇಗೆ 100% ಪಿಕ್ಸೆಲ್ ಕಾಣಬೇಕು ಎಂದು ತನ್ನದೇ ನಿಯಮ ಇಟ್ಟಿತ್ತು. ಹಾಗಾಗಿ ನಿಮ್ಮ 82% ಯಾವ ನಿಯಮದಂತೆ ಬಂದದ್ದು ಎಂದು ಏಜೆನ್ಸಿಯನ್ನು ಒಮ್ಮೆ ಕೇಳಿ. ಎರಡು ತಿಂಗಳಿಗೂ ಅಳೆಯುವ ಕಂಪನಿ ಒಂದೇ ಆಗಿತ್ತಾ ಎಂಬುದನ್ನೂ ಕೇಳಿ. ಅಳೆಯಲು ಆಗದ ಇಂಪ್ರೆಷನ್‌ಗಳು ಯಾವಾಗಲೂ ಒಂದಿಷ್ಟು ಇರುತ್ತವೆ. ಶೇಕಡಾವಾರು ತೆಗೆಯುವಾಗ ಅವನ್ನು ಹೊರಗೆ ಬಿಡುತ್ತಾರೆ. ಕಂಪನಿ ಬದಲಾದರೆ ಹೊರಗೆ ಬಿಟ್ಟದ್ದೂ ಬದಲಾಗುತ್ತದೆ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಹಳೆಯ ತಿಂಗಳಲ್ಲಿ ಒಂದು ಲಕ್ಷಕ್ಕೆ, ಸಾವಿರಕ್ಕೆ 50ರಂತೆ, 20 ಲಕ್ಷ ಇಂಪ್ರೆಷನ್ ಸಿಕ್ಕಿತು. ಅದರ 45% ಅಂದರೆ 9 ಲಕ್ಷ ವ್ಯೂಯೆಬಲ್. ಹೊಸ ತಿಂಗಳಲ್ಲಿ ಸಾವಿರಕ್ಕೆ 110ರಂತೆ ಸಿಕ್ಕಿದ್ದು ಸುಮಾರು 9.09 ಲಕ್ಷ ವ್ಯೂಯೆಬಲ್. ಎರಡೂ ಹೆಚ್ಚುಕಡಿಮೆ ಒಂದೇ!

ಅಂದರೆ ನೀವು ಮೊದಲೂ ಕಂಡ ಸಾವಿರಕ್ಕೆ 111 ಕೊಡುತ್ತಿದ್ದಿರಿ, ಈಗ 110 ಕೊಡುತ್ತಿದ್ದೀರಿ. ಕಾಣದ ಇಂಪ್ರೆಷನ್‌ಗಳ ನಷ್ಟ ಆ 50ರ ದರದೊಳಗೇ ಸೇರಿಹೋಗಿತ್ತು, ಅದಕ್ಕೇ ದರ ಅಗ್ಗವಾಗಿತ್ತು. "ಅರ್ಧಕ್ಕಿಂತ ಜಾಸ್ತಿ ಹಣ ಉಳಿತಾಯ" ಎಂದು ಯಾರಾದರೂ ಹೇಳಿದ್ದರೆ ಅದು ಸರಿಯಲ್ಲ. ನಿಮಗೆ ಸಿಕ್ಕಿದ್ದು ಅಷ್ಟೇ ಸಂಖ್ಯೆಯ ಕಾಣುವ ಅವಕಾಶಗಳು. ಬದಲಾದದ್ದು ಅವು ಯಾವ ಜಾಗದಲ್ಲಿ, ಯಾರ ಮುಂದೆ ಬಂದವು ಎಂಬುದು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ, ಆದರೆ ಅದಕ್ಕೆ ಮೊದಲು 600 ಮತ್ತು 380ರ ವಿಷಯ ಮುಗಿಸಿಬಿಡೋಣ.

ಡಿಸ್ಪ್ಲೇ ವರದಿಯ ಆರ್ಡರ್‌ಗಳಲ್ಲಿ ಎರಡು ಬಗೆ ಬೆರೆತಿರುತ್ತವೆ. ಒಂದು, ಜಾಹೀರಾತು ಕ್ಲಿಕ್ ಮಾಡಿ ಬಂದು ಕೊಂಡದ್ದು. ಇನ್ನೊಂದು, ಕ್ಲಿಕ್ ಮಾಡದೆ, ಆದರೆ ಕೊಳ್ಳುವ ಮುಂಚಿನ ಕೆಲವು ದಿನಗಳಲ್ಲಿ ಜಾಹೀರಾತು ಬಂದಿದ್ದವರು ಕೊಂಡದ್ದು. ಎರಡನೆಯದನ್ನು ವ್ಯೂ-ಥ್ರೂ ಎನ್ನುತ್ತಾರೆ. ಇಲ್ಲಿ "ಬಂದಿದ್ದವರು" ಎಂದರೆ ಯಾರು? ಸರ್ವರ್ ಕಳಿಸಿದರೆ ಸಾಕು ಎಂದು ಲೆಕ್ಕ ಹಾಕುವ ವ್ಯವಸ್ಥೆ ಇದೆ, ವ್ಯೂಯೆಬಲ್ ಆಗಿರಲೇಬೇಕು ಎನ್ನುವ ವ್ಯವಸ್ಥೆಯೂ ಇದೆ. ಪಾವತಿಯ ಪದ್ಧತಿ ಬದಲಿಸುವಾಗ ಈ ಸೆಟ್ಟಿಂಗ್ ಕೂಡ ಜೊತೆಗೇ ಬದಲಾಗುವುದುಂಟು. ಬದಲಾದದ್ದನ್ನು ಯಾರೂ ಹೇಳುವುದಿಲ್ಲ.

ನೀವು ಬರೆದದ್ದರಲ್ಲಿ ಈ ವಿಂಗಡಣೆ ಇಲ್ಲ. ಆದ್ದರಿಂದ ಒಂದು ಉದಾಹರಣೆ ಹಿಡಿಯುತ್ತೇನೆ, ನಿಮ್ಮ ಸಂಖ್ಯೆಗಳನ್ನು ಅದೇ ಜಾಗಕ್ಕೆ ಹಾಕಿಕೊಳ್ಳಿ. ಹಳೆಯ 600ರಲ್ಲಿ 150 ಕ್ಲಿಕ್‌ನಿಂದ, 450 ವ್ಯೂ-ಥ್ರೂ ಎಂದಿಟ್ಟುಕೊಳ್ಳಿ. ಹೊಸ 380ರಲ್ಲಿ 140 ಕ್ಲಿಕ್‌ನಿಂದ, 240 ವ್ಯೂ-ಥ್ರೂ. ಏಜೆನ್ಸಿಯಿಂದ ಹಳೆಯ ತಿಂಗಳ ಲಾಗ್ ತರಿಸಿ ನೋಡಿದಾಗ ಆ 450 ಜನರಲ್ಲಿ 190 ಜನರಿಗೆ ಒಂದೂ ವ್ಯೂಯೆಬಲ್ ಇಂಪ್ರೆಷನ್ ಇರಲಿಲ್ಲ ಎಂದು ತಿಳಿಯಿತು ಅಂದುಕೊಳ್ಳಿ. ಪುಟದ ಕೆಳಗೆಲ್ಲೋ ಜಾಹೀರಾತು ಇತ್ತು, ಅವರು ಅಲ್ಲಿಗೆ ಹೋಗಲೇ ಇಲ್ಲ, ತಮ್ಮ ಪಾಡಿಗೆ ಬಂದು ಕೊಂಡರು. ಆ 190 ಆರ್ಡರ್‌ಗಳನ್ನು ಜಾಹೀರಾತಿನ ಖಾತೆಗೆ ಹಾಕಲು ಯಾವ ಆಧಾರವೂ ಇಲ್ಲ.

ಅವನ್ನು ತೆಗೆದರೆ ಹಳೆಯ ತಿಂಗಳಲ್ಲಿ ಉಳಿಯುವುದು 410, ಹೊಸ ತಿಂಗಳಲ್ಲಿ 380. 220ರ ಕುಸಿತದಲ್ಲಿ 190 ಲೆಕ್ಕದ್ದು, 30 ನಿಜದ್ದು. ಅಂದರೆ ಸುಮಾರು 7%.

ರೀಚ್‌ಗೂ ಇದೇ ಮಾತು. ಹಳೆಯ 4 ಲಕ್ಷ ಎಂದರೆ ಜಾಹೀರಾತು ಕಳಿಸಲಾದ ಜನ. ಅವರಲ್ಲಿ ಒಮ್ಮೆಯಾದರೂ ಕಾಣುವ ಅವಕಾಶ ಸಿಕ್ಕವರು 2.5 ಲಕ್ಷ ಇರಬಹುದು. ಹೊಸ 1.9 ಲಕ್ಷದಲ್ಲಿ ಅಂಥವರು 1.7 ಲಕ್ಷ ಇರಬಹುದು. ಕುಸಿತ ವರದಿಯಲ್ಲಿ ಕಂಡಂತೆ ಅರ್ಧಕ್ಕಿಂತ ಹೆಚ್ಚಿಲ್ಲ, ಮೂರನೇ ಒಂದು ಭಾಗದಷ್ಟು. ಹಾಗಂತ ಅದೇನೂ ಸಣ್ಣದಲ್ಲ. ಅಷ್ಟೇ 9 ಲಕ್ಷ ಕಾಣುವ ಅವಕಾಶಗಳು ಕಡಿಮೆ ಜನರ ಮೇಲೆ ಸುರಿದಿವೆ. ಒಬ್ಬರಿಗೆ ಸರಾಸರಿ 3.6 ಸಲ ಇದ್ದದ್ದು 5.3 ಸಲ ಆಗಿದೆ.

ಯಾಕೆ ಹೀಗಾಯಿತು? ಹರಾಜಿನಲ್ಲಿ ನಿಮ್ಮ ಬಿಡ್ ಹೇಗೆ ಬದಲಾಯಿತು ಎಂದು ನೋಡಿದರೆ ಗೊತ್ತಾಗುತ್ತದೆ.

ಇಂಥ ಜಾಹೀರಾತಿನ ಹೆಚ್ಚಿನ ಜಾಗಗಳು ಪುಟ ತೆರೆಯುವ ಕ್ಷಣದಲ್ಲಿ ಹರಾಜಾಗುತ್ತವೆ. ಕಂಡದ್ದಕ್ಕೆ ಮಾತ್ರ ಹಣ ಎಂದು ನೀವು ಹೇಳಿದಾಗ, ವ್ಯವಸ್ಥೆ ಆ ಜಾಗದಲ್ಲಿ ಜಾಹೀರಾತು ಕಾಣುವ ಸಾಧ್ಯತೆ ಎಷ್ಟು ಎಂದು ಮೊದಲು ಅಂದಾಜು ಮಾಡುತ್ತದೆ. ನಿಮ್ಮ ದರವನ್ನು ಅದರಿಂದ ಗುಣಿಸಿ ಹರಾಜಿಗೆ ಇಳಿಸುತ್ತದೆ. ಎರಡು ಜಾಗ ತೆಗೆದುಕೊಳ್ಳೋಣ. ಮೊದಲನೆಯದು ವಿಷಯ ಬಲ್ಲವರು ಓದುವ ಒಂದು ತಾಣದ ಪುಟದ ಮೇಲ್ತುದಿಯಲ್ಲಿದೆ. ಅಲ್ಲಿ ಕಾಣುವ ಸಾಧ್ಯತೆ 30%. ತುದಿಯಲ್ಲಿದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಅನಿಸುವುದು ಸಹಜ. ಆದರೆ ಜನ ಪುಟ ತೆರೆದ ಕೂಡಲೇ ಕೆಳಗೆ ಸರಿಯುತ್ತಾರೆ, ತುದಿಯ ಜಾಹೀರಾತು ಮೂಡುವಷ್ಟರಲ್ಲಿ ಅದು ಪರದೆಯಿಂದ ಹೊರಗೆ ಹೋಗಿರುತ್ತದೆ. ಗೂಗಲ್ 2014ರ ಕೊನೆಗೆ ತನ್ನ ವೇದಿಕೆಗಳ ಲೆಕ್ಕ ಪ್ರಕಟಿಸಿದಾಗ 56.1% ಡಿಸ್ಪ್ಲೇ ಇಂಪ್ರೆಷನ್‌ಗಳು ವ್ಯೂಯೆಬಲ್ ಆಗಿರಲಿಲ್ಲ. ಅತಿ ಹೆಚ್ಚು ಕಾಣುತ್ತಿದ್ದ ಜಾಗವೂ ಪುಟದ ಮೇಲ್ತುದಿ ಆಗಿರಲಿಲ್ಲ. ಅದು ಮೊದಲ ಪರದೆಯ ಕೆಳ ಅಂಚಿಗೆ ಸ್ವಲ್ಪ ಮೇಲಿನ ಜಾಗ.

ಎರಡನೆಯ ಜಾಗ ಪರದೆಯ ಕೆಳಗೆ ಸದಾ ಅಂಟಿಕೊಂಡಿರುವ ಪಟ್ಟಿ. ಓದುಗ ಎಲ್ಲಿಗೆ ಸರಿದರೂ ಅದು ಅಲ್ಲೇ. ಕಾಣುವ ಸಾಧ್ಯತೆ 85%.

ಎರಡಕ್ಕೂ ಉಳಿದ ಖರೀದಿದಾರರು ಸಾವಿರ ಇಂಪ್ರೆಷನ್‌ಗೆ 45 ಕೊಡಲು ಸಿದ್ಧರಿದ್ದಾರೆ ಅಂದುಕೊಳ್ಳಿ. ಮೊದಲು ನೀವು ಎರಡಕ್ಕೂ 50 ಕೂಗುತ್ತಿದ್ದಿರಿ, ಎರಡೂ ಸಿಗುತ್ತಿದ್ದವು. ಈಗ ನಿಮ್ಮ 110 ಮೊದಲ ಜಾಗದಲ್ಲಿ 33 ಆಗುತ್ತದೆ, ಎರಡನೆಯದರಲ್ಲಿ 93.5 ಆಗುತ್ತದೆ. ಮೊದಲನೆಯದು ಪ್ರತಿ ಸಲವೂ ಕೈತಪ್ಪುತ್ತದೆ, ಎರಡನೆಯದು ಪ್ರತಿ ಸಲವೂ ನಿಮ್ಮದೇ. ಆ ತಾಣದ ಓದುಗರು ಈ ತಿಂಗಳು ನಿಮ್ಮ ಜಾಹೀರಾತನ್ನು ನೋಡಲೇ ಇಲ್ಲ. ನಿಮ್ಮ ರೀಚ್ ಹೋದದ್ದು ಹೀಗೆ.

ಇದು ತಪ್ಪಾ? ಅಲ್ಲಿನ ನೋಟವೂ ಇಲ್ಲಿನ ನೋಟವೂ ಸಮ ಎಂದಾದರೆ ತಪ್ಪಿಲ್ಲ. 45ರ ದರದಲ್ಲಿ ಮೊದಲ ಜಾಗದ ಸಾವಿರ ವ್ಯೂಯೆಬಲ್‌ಗೆ 150 ಬೀಳುತ್ತದೆ, ಎರಡನೆಯದಕ್ಕೆ 53. ಆದರೆ ಮೊದಲ ಜಾಗದ ಸಾವಿರ ವ್ಯೂಯೆಬಲ್‌ನಿಂದ 1.2 ಆರ್ಡರ್, ಎರಡನೆಯದರಿಂದ 0.3 ಆರ್ಡರ್ ಬರುತ್ತಿದ್ದರೆ? ಆಗ ಒಂದು ಆರ್ಡರ್‌ಗೆ ಮೊದಲ ಜಾಗದಲ್ಲಿ 125 ಖರ್ಚು, ಎರಡನೆಯದರಲ್ಲಿ 177. ವ್ಯೂಯೆಬಿಲಿಟಿ 30% ಇರುವ ಜಾಗವೇ ಅಗ್ಗ. ಹೊಸ ಪದ್ಧತಿ ಅದನ್ನೇ ಮೊದಲು ಬಿಡುತ್ತದೆ, ಯಾಕೆಂದರೆ ಆ 1.2 ಮತ್ತು 0.3 ಅದರ ಲೆಕ್ಕದಲ್ಲಿ ಇಲ್ಲ. ನೀವು ಅದಕ್ಕೆ ಕೊಟ್ಟ ಗುರಿ ಕಾಣುವುದು ಮಾತ್ರ. ಉದಾಹರಣೆಯ ಆ 7% ನಷ್ಟ ಹೆಚ್ಚಾಗಿ ಇಲ್ಲಿಂದ ಬಂದಿರಬೇಕು ಎಂಬುದು ನನ್ನ ಅಂದಾಜು.

ಅಂಟಿಕೊಂಡಿರುವ ಪಟ್ಟಿಯ ಬಗ್ಗೆ ಇನ್ನೂ ಒಂದು ವಿಷಯವಿದೆ, ಇದು ನನಗೆ ಹೆಚ್ಚು ಬೇಸರ ತರಿಸುವ ಸಂಗತಿ. ಅಂಥ ಎಷ್ಟೋ ಪಟ್ಟಿಗಳು ತಾನಾಗಿಯೇ ಹೊಸ ಜಾಹೀರಾತಿಗೆ ಬದಲಾಗುತ್ತಿರುತ್ತವೆ. 30 ಸೆಕೆಂಡ್‌ಗೆ ಒಮ್ಮೆ ಬದಲಾಗುತ್ತದೆ ಎಂದರೆ, ಒಬ್ಬ ಓದುಗ ಐದು ನಿಮಿಷ ಆ ಪುಟದಲ್ಲಿದ್ದರೆ 10 ವ್ಯೂಯೆಬಲ್ ಇಂಪ್ರೆಷನ್. ಹತ್ತೂ ನಿಯಮದ ಪ್ರಕಾರ ಸರಿ. ಅರ್ಧ ಪಿಕ್ಸೆಲ್, ಒಂದು ಸೆಕೆಂಡ್, ತೆರೆದ ಟ್ಯಾಬ್, ಎಲ್ಲವೂ ಇದೆ. ಹತ್ತೂ ಸಲ ನೀವೇ ಗೆದ್ದರೆ ಹತ್ತಕ್ಕೂ ಹಣ ನೀವೇ ಕೊಡುತ್ತೀರಿ. ಆ ಹಣದಲ್ಲಿ ಹತ್ತು ಬೇರೆ ಬೇರೆ ಜನರ ಮುಂದೆ ಒಂದೊಂದು ಸಲ ಬರಬಹುದಿತ್ತು.

"ಎಷ್ಟು ಸೆಕೆಂಡ್ ಕಂಡಿತು ಎಂದು ಅಳೆದರೆ ಸರಿಹೋಗುತ್ತದೆ" ಎಂಬ ಸಲಹೆ ನಿಮಗೆ ಬರಬಹುದು. ಇಲ್ಲಿ ಅದು ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಅಂಟಿಕೊಂಡ ಪಟ್ಟಿ ಸೆಕೆಂಡ್‌ಗಳ ಲೆಕ್ಕದಲ್ಲೂ ಮೊದಲನೇ ಸ್ಥಾನಕ್ಕೆ ಬರುತ್ತದೆ, ಯಾಕೆಂದರೆ ಅದು ಪರದೆ ಬಿಟ್ಟು ಹೋಗುವುದೇ ಇಲ್ಲ. ಇಲ್ಲಿ ನೆರವಾಗುವುದು ಒಬ್ಬ ವ್ಯಕ್ತಿಗೆ ಇಷ್ಟೇ ಸಲ ಎಂಬ ಮಿತಿ.

ಜಾಹೀರಾತು ತೋರಿಸುವುದಕ್ಕೆಂದೇ ಕಟ್ಟಿದ ತಾಣಗಳೂ ಇದೇ ದಾರಿಯಲ್ಲಿ ಲಾಭ ಮಾಡುತ್ತವೆ. ಅಲ್ಲಿ ಪುಟದ ತುಂಬ ಜಾಹೀರಾತು, ಒಂದು ವಿಷಯವನ್ನು ಹತ್ತು ಪುಟಕ್ಕೆ ಹರಡಿರುತ್ತಾರೆ, ವ್ಯೂಯೆಬಿಲಿಟಿ ಮಾತ್ರ ಚೆನ್ನಾಗಿರುತ್ತದೆ. ಅಮೆರಿಕದ ಜಾಹೀರಾತುದಾರರ ಸಂಘ ಎಎನ್‌ಎ 2023ರಲ್ಲಿ ಮಾಡಿದ ಅಧ್ಯಯನದಲ್ಲಿ 21% ಇಂಪ್ರೆಷನ್‌ಗಳು, ಖರ್ಚಿನ 15% ಇಂಥ ತಾಣಗಳಿಗೆ ಹೋಗಿದ್ದವು. ವ್ಯೂಯೆಬಿಲಿಟಿ ಒಂದನ್ನೇ ಗುರಿ ಮಾಡಿಕೊಂಡ ಖರೀದಿ ಇವುಗಳ ಕಡೆಗೆ ತಾನಾಗಿ ವಾಲುತ್ತದೆ.

ನಿಮ್ಮಲ್ಲಿ ಹೀಗೆ ಆಗಿದೆಯಾ ಎಂದು ತಿಳಿಯಲು ಎರಡು ತಿಂಗಳ ಜಾಗವಾರು ವರದಿ ತರಿಸಿ, ತಾಣದ ಹೆಸರು ಮತ್ತು ಜಾಹೀರಾತಿನ ಅಳತೆ ಎರಡೂ ಇರಬೇಕು. ಖರ್ಚಿನ ಪ್ರಕಾರ ಜೋಡಿಸಿ, ಮೇಲಿನ ಇಪ್ಪತ್ತು ಜಾಗಗಳನ್ನು ನೋಡಿ. ಮೊದಲು ಅವು ಖರ್ಚಿನ ಕಾಲು ಭಾಗ ತೆಗೆದುಕೊಳ್ಳುತ್ತಿದ್ದು ಈಗ ಮುಕ್ಕಾಲು ಭಾಗ ತೆಗೆದುಕೊಳ್ಳುತ್ತಿದ್ದರೆ ಕಾರಣ ಸಿಕ್ಕಂತೆ. ಮೊಬೈಲ್‌ನ 320 × 50 ಅಳತೆಯೇ ಆ ವರದಿಯ ತುಂಬ ಇದ್ದರೆ ಅಂಟಿಕೊಂಡ ಪಟ್ಟಿಗಳೇ ಇರುವ ಸಾಧ್ಯತೆ ಜಾಸ್ತಿ. ಸುಮ್ನೆ ಊಹಿಸುವ ಬದಲು ಆ ತಾಣಗಳನ್ನು ನಿಮ್ಮ ಫೋನಿನಲ್ಲೇ ತೆರೆದು, ಎರಡು ನಿಮಿಷ ಓದಿ ನೋಡಿ. ಜಾಹೀರಾತು ತಾನಾಗಿ ಬದಲಾಗುತ್ತಿದೆಯಾ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಜಾಗದಿಂದ ಕ್ಲಿಕ್ ಚೆನ್ನಾಗಿ ಬರುತ್ತಿದೆ ಎಂದು ಸಮಾಧಾನ ಪಡಬೇಡಿ. ಹೆಬ್ಬೆರಳ ಹತ್ತಿರ ಇರುವ ಪಟ್ಟಿಗೆ ಗೊತ್ತಿಲ್ಲದೆ ತಾಗುವ ಕ್ಲಿಕ್ ಬಹಳ. ಬಂದವರು ನಿಮ್ಮ ಪುಟದಲ್ಲಿ ಎಷ್ಟು ಹೊತ್ತು ನಿಂತರು ಎಂದು ನೋಡಿ.

ಇನ್ನು ಮುಂದೆ ಏನು ಮಾಡಬೇಕು? ವ್ಯೂಯೆಬಲ್‌ಗೆ ಮಾತ್ರ ಪಾವತಿ ಎಂಬ ಪದ್ಧತಿಯಲ್ಲೇ ಇರಿ. ಅದರಲ್ಲಿ ಒಂದು ನಿಜವಾದ ಲಾಭ ಇದೆ, ಕಾಣದ ಜಾಹೀರಾತಿನ ನಷ್ಟ ನಿಮ್ಮ ತಲೆಯ ಮೇಲೆ ಬೀಳುವುದಿಲ್ಲ. ಆದರೆ ವ್ಯೂಯೆಬಿಲಿಟಿ ಶೇಕಡಾವಾರನ್ನು ಏಜೆನ್ಸಿಯ ಗುರಿಯಾಗಿ ಇಡಬೇಡಿ. ಅವರ ಸಂಭಾವನೆಯೋ ಬೋನಸ್ಸೋ ಅದರ ಮೇಲೆ ನಿಂತಿದ್ದರೆ ಅದನ್ನು ಮೊದಲು ಬದಲಾಯಿಸಿ. ಒಬ್ಬರಿಗೆ ವಾರಕ್ಕೆ ಮೂರು ವ್ಯೂಯೆಬಲ್ ಇಂಪ್ರೆಷನ್ ಎಂಬ ಮಿತಿಯಿಂದ ಶುರು ಮಾಡಿ. ಮಿತಿ ಕಳಿಸಿದ್ದರ ಮೇಲೆ ಇರಬಾರದು, ಕಂಡದ್ದರ ಮೇಲೆ ಇರಬೇಕು. ಕಳಿಸಿದ್ದರ ಮೇಲೆ ಇಟ್ಟರೆ ಮೂರೂ ಕಾಣದೇ ಹೋದವರಿಗೆ ಆ ವಾರ ನಿಮ್ಮ ಜಾಹೀರಾತು ಮತ್ತೆ ಹೋಗುವುದೇ ಇಲ್ಲ. ತಾನಾಗಿ ಬದಲಾಗುವ ಜಾಗಗಳನ್ನು ತೆಗೆಸಿ. ಆರ್ಡರ್ ಚೆನ್ನಾಗಿ ಬರುತ್ತಿದ್ದ ಕಡಿಮೆ ವ್ಯೂಯೆಬಿಲಿಟಿಯ ತಾಣಗಳಿಗೆ ಬೇರೆಯೇ ಒಂದು ಕ್ಯಾಂಪೇನ್ ಮಾಡಿಸಿ. ಅಲ್ಲಿ ಕಂಡ ಸಾವಿರಕ್ಕೆ 150ಕ್ಕಿಂತ ತುಸು ಹೆಚ್ಚೇ ಕೊಡಲು ಸಿದ್ಧರಿರಿ. ಮೇಲಿನ ಉದಾಹರಣೆಯಂತಿದ್ದರೆ ಆರ್ಡರ್ ಲೆಕ್ಕದಲ್ಲಿ ಅದೇ ಅಗ್ಗ.

ಇಷ್ಟಾದ ಮೇಲೂ 410 ಮತ್ತು 380 ಎಂಬ ಸಂಖ್ಯೆಗಳು ಜಾಹೀರಾತಿನಿಂದಲೇ ಬಂದ ಆರ್ಡರ್ ಎಂದು ಹೇಳಲು ಆಗುವುದಿಲ್ಲ. ಜಾಹೀರಾತು ಕಂಡವರು ಕೊಂಡರು ಎಂದಷ್ಟೇ ಅವು ಹೇಳುತ್ತವೆ. ಜಾಹೀರಾತು ಇಲ್ಲದೆಯೂ ಕೊಳ್ಳುತ್ತಿದ್ದವರು ಅದರಲ್ಲಿ ಇದ್ದೇ ಇರುತ್ತಾರೆ. ಜೊತೆಗೆ ನೀವು ಹೋಲಿಸುತ್ತಿರುವುದು ಎರಡು ಬೇರೆ ತಿಂಗಳುಗಳನ್ನು, ಮಾರಾಟ ಏರಿಳಿಯಲು ಬೇರೆ ಕಾರಣಗಳೂ ಇರುತ್ತವೆ. ಆದ್ದರಿಂದ ಒಂದೇ ಅವಧಿಯಲ್ಲಿ ಜನರನ್ನು ಮೂರು ಗುಂಪಾಗಿ, ಯಾವ ಆಯ್ಕೆಯೂ ಇಲ್ಲದೆ ಚೀಟಿ ಎತ್ತಿದ ಹಾಗೆ ಹಂಚಿಸಿ. ಒಂದಕ್ಕೆ ಹಳೆಯ ಪದ್ಧತಿ, ಒಂದಕ್ಕೆ ಹೊಸದು, ಒಂದಕ್ಕೆ ಜಾಹೀರಾತೇ ಇಲ್ಲ. ಮೊದಲ ಎರಡಕ್ಕೂ ಸಮ ಬಜೆಟ್. ಕೊನೆಗೆ ಪ್ರತಿ ಗುಂಪಿನ ಒಟ್ಟು ಆರ್ಡರ್‌ಗಳನ್ನು ನಿಮ್ಮ ಸ್ವಂತ ಮಾರಾಟದ ಪುಸ್ತಕದಿಂದ ಎಣಿಸಿ. ಜಾಹೀರಾತು ಕಂಡವರನ್ನು ಮಾತ್ರ ಎಣಿಸಬೇಡಿ, ಗುಂಪಿನಲ್ಲಿರುವ ಎಲ್ಲರನ್ನೂ ಎಣಿಸಿ. ಯಾರಿಗೆ ಕಂಡಿತು ಎಂಬುದನ್ನು ಪದ್ಧತಿಯೇ ನಿರ್ಧರಿಸುತ್ತದೆ. ಕಂಡವರನ್ನಷ್ಟೇ ಹೋಲಿಸಿದರೆ ಹೆಚ್ಚು ಹೊತ್ತು ಇಂಟರ್ನೆಟ್‌ನಲ್ಲಿ ಇರುವವರನ್ನು ಕಡಿಮೆ ಹೊತ್ತು ಇರುವವರ ಜೊತೆ ಹೋಲಿಸಿದಂತೆ ಆಗುತ್ತದೆ.

ತಿಂಗಳಿಗೆ ಕೆಲವು ನೂರು ಆರ್ಡರ್ ಇರುವ ನಿಮ್ಮಂಥ ಅಂಗಡಿಗೆ ಇದರಲ್ಲಿ ಒಂದು ಮಿತಿ ಇದೆ. 7% ವ್ಯತ್ಯಾಸ ಇಷ್ಟು ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕ ಏರಿಳಿತದೊಳಗೇ ಮುಳುಗಿಹೋಗುತ್ತದೆ. 400 ಆರ್ಡರ್ ಬರುವ ಕಡೆ, ಏನೂ ಬದಲಾಗದಿದ್ದರೂ, ಮುಂದಿನ ತಿಂಗಳು 20ರಷ್ಟು ಹೆಚ್ಚೋ ಕಡಿಮೆಯೋ ಆಗುವುದು ಮಾಮೂಲು, 40 ಆದರೂ ಅಚ್ಚರಿಯಿಲ್ಲ. ಹಾಗಾಗಿ ಪರೀಕ್ಷೆಯನ್ನು ಒಂದು ತಿಂಗಳಿಗೆ ನಿಲ್ಲಿಸದೆ ಎರಡು ಮೂರು ತಿಂಗಳು ನಡೆಸಿ. ಜೊತೆಗೆ ಆರ್ಡರ್‌ಗಿಂತ ಹೆಚ್ಚು ಸಂಖ್ಯೆಯಲ್ಲಿ ಬರುವ ಇನ್ನೊಂದು ಹೆಜ್ಜೆಯನ್ನೂ ಎಣಿಸಿ. ಕಾರ್ಟ್‌ಗೆ ವಸ್ತು ಹಾಕಿದವರ ಸಂಖ್ಯೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಇದ್ದರೆ ಬೇಗ ಕಾಣುತ್ತದೆ.